ಐದು ಚೌಕಗಳೊಳಗಿನ ನನ್ನ ಧಾರೆ ಸೀರೆ

ಮದುವೆಗೆ ಮುಂಚೆ ನನ್ನ ಗಂಡ ನನಗೆ ಕೊಟ್ಟ ಮೊದಲ ಕಾಣಿಕೆ ಒಂದು ಫೋನು. ಹೊಸದೇನಲ್ಲ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಒಂದೇ ಮಾದರಿಯ ಎರಡು ಹಳೆಯ ಫೋನುಗಳು ಸಿಕ್ಕವಂತೆ. ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ನಿಶ್ಚಿತಾರ್ಥದ ದಿನ ನಮ್ಮ ಕೊಟ್ಟೂರಿನ ಮನೆಗೆ ತಂದರು. ಹೊಸ ಡಬ್ಬಿ ಇರಲಿಲ್ಲವಾದ್ದರಿಂದ ಮೈಸೋಪಿನ ಡಬ್ಬಿಯಲ್ಲಿ ಹತ್ತಿ ಹಾಸಿ ಅದರೊಳಗೆ ಮಲಗಿಸಿದ್ದರು. ನನ್ನ ಕೈಗೆ ಕೊಡುವಾಗ ತಗ್ಗಿದ ದನಿಯಲ್ಲಿ, "ಎಲ್ಲಾ ಬರ್ತೈತಿ ಇದ್ರಾಗ" ಅಂದರು.

ಅವರು ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸದವರು. ಬೋರ್‌ವೆಲ್ಲಿನ ಮೋಟರು ಕರಕಲಾಗಿ ಬಂದರೂ ಎರಡು ದಿನಕ್ಕೆ ಗುಂಯ್ ಅನ್ನಿಸಿ ಕಳಿಸುತ್ತಿದ್ದರು. ಹಾಗಾಗಿ ತಾವು ಆರಿಸಿದ ಯಂತ್ರದ ಬಗ್ಗೆ ಯಾರಾದರೂ ಒಂದು ಮಾತು ಅಂದರೆ ಅದು ತಮ್ಮ ಕೈಗೇ ಅಂದಂತೆ ಎಂದುಕೊಳ್ಳುವ ಜಾತಿ. ನನಗಿದು ಮೊದಲ ದಿನವೇ ತಿಳಿಯಿತು. ಮುಂದಿನ ಎಲ್ಲ ಫಜೀತಿಗೂ ಇದೇ ಕಾರಣ. ನನ್ನ ಸುಳ್ಳೇ ಕಾರಣ ಅಂತ ಬೇಕಾದರೆ ನೀವು ಅನ್ನಿ, ನಾನು ಒಪ್ಪುವುದಿಲ್ಲ.

ಎಲ್ಲಾ ಬರುತ್ತದೆ ಅಂದದ್ದು ಸುಳ್ಳೇನಲ್ಲ. ಬರುತ್ತಿತ್ತು, ಆದರೆ ಒಂದು ಸಲಕ್ಕೆ ಒಂದು, ಅದೂ ಅರ್ಧಂಬರ್ಧ. ಬೆಂಕಿಪೊಟ್ಟಣದಷ್ಟು ಪರದೆ. ಒಳಗಿನ ಜಾಗ ಎಷ್ಟು ಕಡಿಮೆಯೆಂದರೆ ಈಗಿನ ಫೋನಿನ ಒಂದೇ ಒಂದು ಫೋಟೋ ಅದರಲ್ಲಿ ಹಿಡಿಸುತ್ತಿರಲಿಲ್ಲ. ಆ ಜಾಗದಲ್ಲೇ ನಂಟರ ನಂಬರುಗಳು, ಬಂದ ಮೆಸೇಜುಗಳು, ನಾಲ್ಕು ರಿಂಗ್‌ಟೋನು, ಒಂದು ಆಟ, ಗುಲಾಬಿ ಹೂವಿನ ಒಂದು ಚಿತ್ರ, ಎಲ್ಲವೂ ಒತ್ತೊತ್ತಾಗಿ ಸಂಸಾರ ಮಾಡಬೇಕಿತ್ತು. ಮಾರಿದ ಅಂಗಡಿಯವರು ಅದರಲ್ಲಿ ಎರಡು ಪ್ರೋಗ್ರಾಮು ಹಾಕಿಕೊಟ್ಟಿದ್ದರು. ಒಂದು ಚಾಟ್ ಮಾಡಲು, ಇನ್ನೊಂದು ಇಂಟರ್ನೆಟ್ಟು, ಮೇಲ್ ನೋಡಲು. ಎರಡೂ ಲೈಟ್ ಆವೃತ್ತಿ. ಪೂರ್ತಿ ಆವೃತ್ತಿ ಹಾಕಲು ಹೋದರೆ 'ಫೈಲು ತುಂಬಾ ದೊಡ್ಡದು' ಎಂದು ಫೋನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸುತ್ತಿತ್ತಂತೆ.

ಚಾಟ್ ನಮಗೆ ಬೇಕೇ ಬೇಕಾಗಿತ್ತು. ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡುವುದೆಂದರೆ ಮೈಕು ಹಿಡಿದು ಮಾತಾಡಿದಂತೆ. ನಾನು "ಹಲೋ" ಅಂದ ಕೂಡಲೇ ಅಪ್ಪ ಪೇಪರಿನ ಹಾಳೆ ತಿರುವುವುದನ್ನು ನಿಲ್ಲಿಸುತ್ತಿದ್ದರು. ಅವ್ವ ಒಗ್ಗರಣೆಯ ಉರಿ ಸಣ್ಣ ಮಾಡುತ್ತಿದ್ದಳು. ಚಾಟಿನಲ್ಲಾದರೆ ಬೆರಳು ಆಡುವುದು ಮಾತ್ರ, ಸದ್ದಿಲ್ಲ. ಆ ಫೋನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಿದ್ದೆವು. ಪ್ರತಿ ಸಲ ತೆರೆದಾಗಲೂ ಅದು 'ನೆಟ್ ಬಳಸಲು ಒಪ್ಪಿಗೆಯೇ?' ಎಂದು ಕೇಳುತ್ತಿತ್ತು. ಹೌದು ಅನ್ನಬೇಕು. ಐದು ನಿಮಿಷಕ್ಕೆ ಕಡಿದುಹೋದರೆ ಮತ್ತೆ ಅದೇ ಪ್ರಶ್ನೆ, ಮತ್ತೆ ಹೌದು. ನಿಶ್ಚಿತಾರ್ಥದಲ್ಲಿ ಹುಡುಗನನ್ನು ಒಪ್ಪಿದೆಯಾ ಎಂದು ನನ್ನನ್ನು ಒಂದೇ ಸಲ ಕೇಳಿದ್ದರು.

ಆ ಲೈಟ್ ಚಾಟಿಗೆ ಇನ್ನೊಂದು ಗುಣವಿತ್ತು. ಫೋನ್ ಕಾಲ್ ಬಂದರೆ ಸಾಕು, ಅದು ಮುಚ್ಚಿಕೊಂಡುಬಿಡುತ್ತಿತ್ತು. ಎರಡು ಕೆಲಸ ಒಟ್ಟಿಗೆ ಹೊರುವ ಶಕ್ತಿ ಆ ಫೋನಿಗಿರಲಿಲ್ಲ. ನಮ್ಮ ಹಿಂದಿನ ಓಣಿಯಲ್ಲಿ ಅಪ್ಪನ ತಂಗಿ, ನನ್ನ ಸೋದರತ್ತೆ ಇದ್ದಳು. ಅವಳು ಜೀವಮಾನದಲ್ಲಿ ಯಾರಿಗೂ ಪೂರ್ತಿ ಕಾಲ್ ಮಾಡಿದವಳಲ್ಲ. ಒಂದು ಮಿಸ್ಡ್ ಕಾಲ್ ಅಂದರೆ ಮಜ್ಜಿಗೆ ಇದ್ದರೆ ಕಳಿಸು, ಎರಡು ಅಂದರೆ ನಲ್ಲಿ ನೀರು ಬಂತು, ಮೂರು ಅಂದರೆ ಸುಮ್ಮನೆ ಬಂದು ಹೋಗು. ಅತ್ತೆಗೆ ಮಜ್ಜಿಗೆ ಬೇಕಾದಾಗಲೆಲ್ಲ ನಾನು ಚಾಟಿನಿಂದ ಹೊರಗೆ ಬೀಳುತ್ತಿದ್ದೆ. ಆ ಕಡೆ ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಹೆಸರಿನ ಮುಂದಿನ ಹಸಿರು ಚುಕ್ಕೆ ಫಕ್ಕನೆ ಬೂದಿಯಾಗುತ್ತಿತ್ತು. "ಸಿಟ್ಟು ಬಂತೇನು?" ಎಂದು ಅವರು ಬರೆದಿರುತ್ತಿದ್ದರು. "ನಾನೇನು ತಪ್ಪು ಅಂದೆ?" ಎಂದು ಮತ್ತೊಂದು. ನಾನು ಮರಳಿ ಬಂದು "ಮಜ್ಜಿಗಿ" ಎಂದು ಬರೆದರೆ ಅವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ನಮ್ಮ ಮೊದಲ ಜಗಳ ಆದದ್ದು ಹೀಗೆ, ಮಜ್ಜಿಗೆಯ ಮೇಲೆ.

ಇಷ್ಟಾದರೂ ಫೋನಿನ ಮೇಲೆ ಒಂದು ದೂರು ಹೇಳಲಿಲ್ಲ. "ಹೆಂಗೈತಿ ಫೋನು?" ಎಂದು ಕೇಳಿದಾಗಲೆಲ್ಲ "ಭಾರಿ ಐತ್ರಿ" ಅನ್ನುತ್ತಿದ್ದೆ. "ನಂದೂ ಹಂಗ ಓಡಾಕತ್ತೈತಿ, ಕುದುರಿ ಕುದುರಿ" ಅನ್ನುತ್ತಿದ್ದರು.

ಈಗ ಸೀರೆಯ ವಿಷಯಕ್ಕೆ ಬರುತ್ತೇನೆ.

ನಾವು ನಾಲ್ವರು ಹೆಣ್ಣುಮಕ್ಕಳು, ನಾನೇ ಕೊನೆಯವಳು. ಕೊನೆಯವಳು ಎಂದರೆ ಏನೆಂದು ಕೊನೆಯವರಿಗೇ ಗೊತ್ತು. ಮೊದಲ ಅಕ್ಕನ ಲಂಗ ಎರಡನೆಯವಳಿಗೆ ದಾವಣಿಯಾಗಿ, ಮೂರನೆಯವಳಿಗೆ ರವಿಕೆಯಾಗಿ, ನನಗೆ ಬರುವ ಹೊತ್ತಿಗೆ ಶಾಲೆಯ ಚೀಲವಾಗಿರುತ್ತಿತ್ತು. ಹುಟ್ಟಿದಾಗಿನಿಂದ ನನ್ನನ್ನು ಯಾರೂ "ಯಾವ ಬಣ್ಣ ಬೇಕು?" ಎಂದು ಕೇಳಿರಲಿಲ್ಲ. ನಾನು ಉಜ್ಜಿನಿಯ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ ಮೇಲೂ ಅವ್ವ ಕೂಡ್ಲಿಗಿಯ ಅಕ್ಕನದೊಂದು, ಹಡಗಲಿಯ ಅಕ್ಕನದೊಂದು ಸೀರೆ ಮಡಚಿಟ್ಟು "ಶಾಲಿಗೆ ಇವು ಸಾಕು" ಅಂದಿದ್ದಳು.

ಮದುವೆಯ ಜವಳಿ ತೆಗೆಯಲು ನಮ್ಮಲ್ಲಿ ಎರಡೂ ಕಡೆಯವರು ಕೂಡಿ ಹೋಗುತ್ತಾರೆ. ಬೆಳಿಗ್ಗೆ ಅಂಗಡಿ ಹೊಕ್ಕರೆ ಸಂಜೆಗೆ ಹೊರಬೀಳುವುದು. ಧಾರೆ ಸೀರೆ ಮಾತ್ರ ಗಂಡಿನವರದು. ನನ್ನವರ ಸೋದರಮಾವ ಹರಪನಹಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದರಿಂದ ಜವಳಿಗೆ ಅಲ್ಲಿಗೇ ಹೋಗುವುದೆಂದಾಯಿತು. ಹಿರಿಯರು ಒಳ್ಳೆಯ ದಿನ ನೋಡಿದರು. ಅದೇ ದಿನ ನಮ್ಮ ಶಾಲೆಗೆ ತಪಾಸಣೆ. ಅತಿಥಿ ಶಿಕ್ಷಕಿಯಾದವಳು ತಪಾಸಣೆಯ ದಿನ ರಜೆ ಕೇಳಿದರೆ ಮರುದಿನ ಅತಿಥಿಯಾಗಿಯೂ ಉಳಿಯುವುದಿಲ್ಲ.

ಆಗ ನನ್ನವರು ಚಾಟಿನಲ್ಲಿ ಬರೆದರು: "ಚಿಂತಿ ಮಾಡಬ್ಯಾಡ. ಕೆಲಸದ ಗದ್ದಲಕ್ಕ ನಾನೂ ಜವಳಿಗೆ ಹೋಗಂಗಿಲ್ಲ. ಮಾಮ ಫೋಟೋ ತಗದು ಮೇಲ್ ಮಾಡ್ತಾನ. ನಾನು ನಿನಗ ಕಳಸ್ತೀನಿ. ನೀನ ನೋಡಿ ಹೇಳು. ನೀನು ಹೇಳಿದ್ದ ಧಾರಿ ಸೀರಿ."

ನೀನು ಹೇಳಿದ್ದೇ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಇಪ್ಪತ್ತನಾಲ್ಕು ವರ್ಷಕ್ಕೆ ಮೊದಲ ಬಾರಿ ಒಬ್ಬರು ಉಡುವ ಬಟ್ಟೆಗೆ ನನ್ನ ಮನಸ್ಸು ಕೇಳಿದ್ದರು. ನನಗೆ ಅಳು ಬಂತು, ಮುಚ್ಚಿಡುವುದೇನು.

ತಪಾಸಣೆಯ ದಿನ ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಾಗ ಮೇಲ್ ಬಂತೆಂದು ಚಾಟಿನಲ್ಲಿ ತಿಳಿಯಿತು. "ಐದು ಫೋಟೋ ಅದಾವ. ಲಗೂನ ಹೇಳು, ಅವ್ವ ಅಂಗಡ್ಯಾಗ ಕುಂತಾಳ." ನಮ್ಮ ಶಾಲೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಮಾತ್ರ. ಅಲ್ಲಿಗೆ ಓಡಿದೆ. ಚಾಟ್ ಮುಚ್ಚಿದೆ, ಮುಚ್ಚದೆ ಇನ್ನೊಂದು ತೆರೆಯುತ್ತಿರಲಿಲ್ಲ. ಬ್ರೌಸರ್ ತೆರೆದೆ. ನೆಟ್ ಬಳಸಲು ಒಪ್ಪಿಗೆಯೇ? ಹೌದು, ಮಾರಾಯ. ಮೇಲ್ ಬಿಚ್ಚಿಕೊಂಡಿತು. ಒಂದು ಸಾಲು ಅಕ್ಷರ, ಅದರ ಕೆಳಗೆ ಒಂದರ ಕೆಳಗೊಂದು ಐದು ಚೌಕ.

ಖಾಲಿ ಚೌಕ. ಸಣ್ಣಗೆರೆಯಲ್ಲಿ ಬರೆದ, ಒಳಗೆ ಏನೂ ಇಲ್ಲದ ಐದು ಚೌಕ.

ಲೈಟ್ ಬ್ರೌಸರಿನಲ್ಲಿ ಚಿತ್ರಗಳನ್ನು ಮೊದಲೇ ಬಂದ್ ಮಾಡಿಟ್ಟಿದ್ದರು. ಸೆಟ್ಟಿಂಗಿಗೆ ಹೋಗಿ ಚಿತ್ರ ತೋರಿಸು ಎಂದೆ. ಮೇಲನ್ನು ಮತ್ತೆ ತೆರೆದೆ. ಫೋನು ಯೋಚನೆಗೆ ಬಿತ್ತು. ಪಟ್ಟಿ ನಿಧಾನವಾಗಿ ತುಂಬುತ್ತಾ ಬಂತು, ಅರ್ಧ, ಮುಕ್ಕಾಲು... 'ಮೆಮೊರಿ ಸಾಲದು.' ಪ್ರೋಗ್ರಾಮು ಮುಚ್ಚಿಯೇ ಹೋಯಿತು. ಇನ್ನೊಂದು ಸಲ ತೆರೆದು ಚೌಕದ ಪಕ್ಕದ ಹೆಸರನ್ನೇ ಒತ್ತಿ ಫೋಟೋ ಇಳಿಸಿಕೊಳ್ಳಲು ನೋಡಿದೆ. 'ಫೈಲು ತುಂಬಾ ದೊಡ್ಡದು.'

ಮೆಮೊರಿ ಸಾಲದು ಎಂದರೆ ಜಾಗ ಮಾಡಬೇಕು, ಅಷ್ಟೇ ತಾನೇ? ನಮ್ಮ ಮನೆಯಲ್ಲಿ ನಂಟರು ಬಂದಾಗ ಮಾಡುವುದು ಅದನ್ನೇ. ಮೊದಲು ಗುಲಾಬಿ ಹೂವನ್ನು ಅಳಿಸಿದೆ. ತೆರೆದೆ, ಸಾಲದು. ರಿಂಗ್‌ಟೋನುಗಳನ್ನು ಅಳಿಸಿದೆ. ಸಾಲದು. ಆಟವನ್ನು ಅಳಿಸಿದೆ, ಅದರಲ್ಲಿ ನಾನು ಇಡೀ ಶಾಲೆಯ ಶಿಕ್ಷಕರಿಗಿಂತ ಮುಂದಿದ್ದೆ. ಸಾಲದು. ಉಳಿದದ್ದು ಮೆಸೇಜುಗಳು. ಅದರಲ್ಲಿ ನಲವತ್ತು ಅವರವು, ಚಾಟ್ ಕಲಿಯುವ ಮೊದಲು ಕಳಿಸಿದವು. "ಉಂಡ್ಯಾ?" ಎಂಬುದೇ ಹದಿನೆಂಟು ಇದ್ದವು. ಆದರೂ ನನ್ನವು. ಹಲ್ಲು ಕಚ್ಚಿ ಅವನ್ನೂ ಅಳಿಸಿದೆ. ಮತ್ತೆ ತೆರೆದೆ. ಪಟ್ಟಿ ತುಂಬಿತು, ಅರ್ಧ, ಮುಕ್ಕಾಲು, ಸಾಲದು.

ಅಷ್ಟರಲ್ಲಿ ತಪಾಸಣೆಗೆ ಬಂದ ಸಾಹೇಬರು ಕೈ ತೊಳೆಯಲು ಟ್ಯಾಂಕಿನ ಹತ್ತಿರವೇ ಬಂದರು. "ಏನಮ್ಮ, ಏನು ನಡೆದಿದೆ?" ಅಂದರು. "ನೀರಿನ ಮಟ್ಟ ನೋಡಾಕತ್ತಿದ್ದೆ ಸರ್" ಅಂದೆ. ಫೋನಿನಲ್ಲಿಯೇ ಎಂದು ಅವರು ಕೇಳಲಿಲ್ಲ, ಅದು ಅವರ ದೊಡ್ಡತನ.

ಅವರು ಹೋದ ಮೇಲೆ ಚಾಟ್ ತೆರೆದೆ. "ನೋಡಿದ್ಯಾ? ಅವ್ವ ಕಾಯಾಕತ್ಯಾಳ" ಎಂದು ಮೂರು ಸಲ ಬಂದಿತ್ತು. ಈಗ ನಾನು ಏನು ಬರೆಯಬೇಕು ಹೇಳಿ. ನೀವು ಹತ್ತಿ ಹಾಸಿ ತಂದುಕೊಟ್ಟ ಫೋನಿನಲ್ಲಿ ಒಂದು ಸೀರೆ ಕಾಣುವುದಿಲ್ಲ ಎಂದು ಬರೆಯಲೇ? ಬಣ್ಣ ಯಾವುದು ಎಂದು ಕೇಳಿದರೂ ಗುಟ್ಟು ರಟ್ಟಾಗುತ್ತದೆ. ಕೊಟ್ಟೂರಿನ ಇಂಟರ್ನೆಟ್ ಸೆಂಟರಿಗೆ ಹೋಗೋಣವೆಂದರೆ ಶಾಲೆ ಬಿಡುವುದು ಸಂಜೆಗೆ, ಅಲ್ಲದೆ ಅದನ್ನು ನಡೆಸುವವನು ನಮ್ಮ ದೂರದ ನಂಟ. ಅವನು ಕಂಡದ್ದು ರಾತ್ರಿಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಒಂದನೆಯದು ಎಂದರೆ ಸರಿಯಾಗಿ ನೋಡಿಯೇ ಇಲ್ಲ ಅಂದುಕೊಳ್ಳುತ್ತಾರೆ. ಐದನೆಯದು ಎಂದರೆ ದುಬಾರಿ ಇದ್ದರೆ ಆಸೆಬುರುಕಿ ಅನ್ನುತ್ತಾರೆ. ನಡುವಿನದು ಕ್ಷೇಮ.

"ಮೂರನೇದು" ಎಂದು ಬರೆದೆ.

ಕ್ಷಣದಲ್ಲಿ ಉತ್ತರ ಬಂತು: "ನಂಗೂ ಅದ ಮನಸಿಗೆ ಬಂದಿತ್ತು! ಬಣ್ಣ ಏನ್ ಐತಿ ಅಂತೀನಿ!"

"ಹೌದ್ರಿ, ಬಣ್ಣ ಅಂದ್ರ ಬಣ್ಣ."

"ಬಾರ್ಡರ್ ನೋಡಿದ್ಯಾ?"

"ಬಾರ್ಡರ್ ಅಂತೂ ಕೇಳಬ್ಯಾಡ್ರಿ."

"ನಿನಗ ಒಪ್ಪತೈತಿ."

ಆಗ ನನಗೆ ಏನೂ ಅನುಮಾನ ಬರಲಿಲ್ಲ. ಅವರಿಗೂ ಅದೇ ಇಷ್ಟವಾಯಿತಲ್ಲ, ಅಂದಮೇಲೆ ಚೆನ್ನಾಗಿಯೇ ಇರಬೇಕು ಎಂದು ಸಮಾಧಾನ ಮಾಡಿಕೊಂಡು ಏಳನೇ ತರಗತಿಗೆ ಹೋಗಿ ಭಿನ್ನರಾಶಿ ಹೇಳಿಕೊಟ್ಟೆ. ಎಲ್ಲವನ್ನೂ ತಪ್ಪು ಹೇಳಿಕೊಟ್ಟೆ.

ಎರಡು ದಿನ ಬಿಟ್ಟು ಮನಸ್ಸು ತಡೆಯದೆ ಕೊಟ್ಟೂರಿನ ಮೊಬೈಲ್ ರಿಪೇರಿ ಭಾಯ್ ಹತ್ತಿರ ಹೋದೆ. ಅಪ್ಪನ ಸೈಕಲ್ಲಿನಿಂದ ಹಿಡಿದು ಅವ್ವನ ಮಿಕ್ಸರಿನವರೆಗೆ ನಮ್ಮ ಮನೆಯ ಎಲ್ಲವನ್ನೂ ಅವರ ಮನೆಯವರೇ ರಿಪೇರಿ ಮಾಡಿದ್ದು. ಫೋನನ್ನು ಮುಂದಿಟ್ಟೆ.

"ಎಲ್ಲಾ ಅಳಿಸೀನಿ ಭಾಯ್. ಆಟ, ಹಾಡು, ಮೆಸೇಜು, ಒಂದೂ ಬಿಟ್ಟಿಲ್ಲ. ಆದ್ರೂ ಮೆಮೊರಿ ಸಾಲದು ಅಂತೈತಿ."

ಭಾಯ್ ಫೋನನ್ನು ತಿರುಗಿಸಿ ನೋಡಿ ನಕ್ಕರು. "ಟೀಚರಮ್ಮ, ಜ್ವಾಳದ ಕಣಜ ಖಾಲಿ ಮಾಡಿದ್ರ ರೊಟ್ಟಿ ಹಂಚು ದೊಡ್ಡದಾಗ್ತೈತೇನ್ರಿ?"

"ಅಂದ್ರ?"

"ನೀವು ಖಾಲಿ ಮಾಡಿದ್ದು ಸಾಮಾನು ಇಡೋ ಜಾಗ. ಚಿತ್ರ ಬಿಚ್ಚಿ ತೋರಸಾಕ ಬೇಕಾಗಿದ್ದು ಕೆಲಸ ಮಾಡೋ ಜಾಗ. ಅದು ಬ್ಯಾರೆ. ಇದ್ರಾಗ ಆ ಹಂಚು ಇಷ್ಟ ಅಗಲ ಐತಿ." ಅವರು ಹೆಬ್ಬೆರಳಿನ ಉಗುರು ತೋರಿಸಿದರು. "ಅದರ ಮ್ಯಾಲ ಐದು ರೊಟ್ಟಿ ಒಮ್ಮೆಲೇ ಬೇಯಿಸು ಅಂದ್ರ ಅದು ಏನು ಮಾಡತೈತಿ? ಅದಕ್ಕ ಈ ಲೈಟ್ ಪ್ರೋಗ್ರಾಮು. ಎಲ್ಲೋ ದೂರದ ದೊಡ್ಡ ಕಂಪ್ಯೂಟರು ಪೇಜನ್ನ ಹಿಂಡಿ, ಸಣ್ಣದು ಮಾಡಿ ಕಳಸತೈತಿ. ಚಿತ್ರ ಬಂದ್ ಇಟ್ರ ಅಕ್ಷರ ಅಷ್ಟ ಇಳೀತಾವ. ಅಷ್ಟಕ್ಕ ಈ ಫೋನು ಶಾಣ್ಯಾ ಐತಿ" ಎಂದು ಚಿತ್ರಗಳನ್ನು ಮತ್ತೆ ಬಂದ್ ಮಾಡಿಕೊಟ್ಟರು.

ಹಾಗಾದರೆ ನಲವತ್ತು ಮೆಸೇಜುಗಳನ್ನು ಸುಮ್ಮನೆ ಕೊಂದೆನೇ? ಅಲ್ಲೇ ಸ್ಟೂಲಿನ ಮೇಲೆ ಕೂತು ನನ್ನನ್ನು ನಾನೇ ಬೈದುಕೊಂಡೆ. ನಂತರ ಕೇಳಿದೆ, "ಮತ್ತ ನಮ್ಮ ಮನಿಯವರಿಗೆ ಹೆಂಗ ಕಂಡವು? ಬಣ್ಣ, ಬಾರ್ಡರು ಎಲ್ಲಾ ಹೇಳಿದ್ರಲ್ಲ."

"ಅವರದು ಯಾವ ಫೋನ್ರಿ?"

"ಇದ. ಜೋಡಿ ಫೋನು."

ಭಾಯ್ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡರು. "ಅವರಿಗೂ ಕಂಡಿಲ್ರೀ ಟೀಚರಮ್ಮ! ಮೇಲ್ ಮುಂದಕ್ಕ ಕಳಸಾಕ ಚಿತ್ರ ಫೋನಿಗೆ ಇಳೀಬೇಕಂತಿಲ್ಲ, ಅದು ಆ ದೊಡ್ಡ ಕಂಪ್ಯೂಟರಿನಿಂದಲೇ ಹೋಗತೈತಿ. ಅವರು ನೋಡದ ಕಳಿಸ್ಯಾರ, ನೀವು ನೋಡದ ಆರಿಸೀರಿ!"

ನನಗೆ ಬಂದ ಸಿಟ್ಟು ಎಷ್ಟೆಂದರೆ ಮನೆಯವರೆಗೆ ಚಪ್ಪಲಿ ಹಾಕಿಕೊಂಡಿದ್ದೇನೋ ಕೈಯಲ್ಲಿ ಹಿಡಿದಿದ್ದೇನೋ ನೆನಪಿಲ್ಲ. ಬಾರ್ಡರ್ ನೋಡಿದ್ಯಾ ಅಂತೆ! ಎಂಥ ಸುಳ್ಳುಗಾರ! ನಾನೂ ಅದೇ ಸುಳ್ಳು ಹೇಳಿದ್ದೆ ಎಂಬುದು ಆ ಹೊತ್ತಿಗೆ ಮರೆತುಹೋಗಿತ್ತು. ಆಮೇಲೆ ಸಿಟ್ಟು ಇಳಿದು ಕೀಟಲೆ ಏರಿತು. ಆ ಸಂಜೆ ಚಾಟಿನಲ್ಲಿ ಹಿಡಿದೆ.

"ರೀ, ಆ ಸೀರಿಗೆ ಬಳೆ ತಗೋಬೇಕು. ಯಾವ ಬಣ್ಣದ್ದು ತಗೊಳ್ಳಲಿ?"

ಹಸಿರು ಚುಕ್ಕೆ ಮಾತ್ರ ಪಿಳಿಪಿಳಿ ಉಳಿದಿತ್ತು. ಕೊನೆಗೆ, "ಸೀರಿಗೆ ಹೊಂದೋದು ತಗೋ."

"ಅದ, ಯಾವುದು ಹೊಂದತೈತಿ?"

"ನಿನ್ನ ಮನಸಿಗೆ ಬಂದಿದ್ದ ಹೊಂದತೈತಿ."

"ಅಂಚು ದೊಡ್ಡದಿತ್ತೋ ಸಣ್ಣದಿತ್ತೋ, ನನಗ ಮರತಂಗಾತು."

"ಹದಾ ಇತ್ತು," ಎಂದು ಬಂತು. ನಾನು ದಿಂಬಿಗೆ ಮುಖ ಒತ್ತಿ ನಕ್ಕೆ. ಆಗಲೇ ಸೋದರತ್ತೆಯ ಮಿಸ್ಡ್ ಕಾಲ್ ಬಂದು ಚಾಟ್ ಮುಚ್ಚಿತು, ಅವರು ಬದುಕಿಕೊಂಡರು.

ಈಗಲಾದರೂ ಇಂಟರ್ನೆಟ್ ಸೆಂಟರಿಗೆ ಹೋಗಿ ಆ ಸೀರೆ ನೋಡಬಹುದಿತ್ತು. ಹೋಗಲಿಲ್ಲ. ನಂಟನ ಬಾಯಿಗೆ ಹೆದರಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನೋಡಲು ನನಗೆ ಭಯ. ನನ್ನನ್ನು ಒಂದು ಸಲ ಕೇಳಿದರು, ನಾನು ಕಣ್ಣು ಮುಚ್ಚಿ ಬೆರಳು ಇಟ್ಟೆ. ಅದು ಚೆನ್ನಾಗಿಲ್ಲದಿದ್ದರೆ ಯಾರನ್ನು ಬೈಯಲಿ?

ಮರುವಾರ ಜಂಪರು ಹೊಲಿಸಲು ಸೀರೆಗಳನ್ನು ಕೊಟ್ಟುಹೋಗಲು ನನ್ನ ಅತ್ತೆಯಾಗುವವರು ಬಸ್ಸಿಗೆ ಬಂದರು, ಜೊತೆಗೆ ಮಗನೂ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದೆವು. ಅಪ್ಪ, ಅವ್ವ, ಓಣಿಯ ಸೋದರತ್ತೆ ಎಲ್ಲರೂ ಇದ್ದರು. ಬೇರೆ ಸೀರೆಗಳನ್ನು ಚೀಲದಿಂದ ತೆಗೆದಿಟ್ಟ ಮೇಲೆ ಅತ್ತೆ ಕೊನೆಗೆ ಒಂದು ಬಿಳಿ ಪಂಚೆಯ ಗಂಟು ತೆಗೆದರು. ಅದನ್ನು ಬಿಚ್ಚುವಾಗ ಅವರ ಕಣ್ಣಲ್ಲಿ ನೀರು.

ಒಳಗೆ ಇದ್ದದ್ದು ಒಂದು ಇಳಕಲ್ ಸೀರೆ. ಬದನೆಕಾಯಿ ಬಣ್ಣ, ಕೆಂಪು ಸೆರಗು. ತೊಳೆದು ಇಸ್ತ್ರಿ ಮಾಡಿದ್ದರು. ಆದರೆ ಮಡಿಕೆಯ ಗೆರೆಗಳಲ್ಲಿ ಬಣ್ಣ ಹೋಗಿ ಬಿಳಿಚಿಕೊಂಡಿತ್ತು, ಅಂಚಿನಲ್ಲಿ ಒಂದು ಕಡೆ ಸೂಜಿಯ ಕೆಲಸ ಕಾಣುತ್ತಿತ್ತು. ಹಳೆಯ ಸೀರೆ. ಇನ್ನೊಬ್ಬರು ಉಟ್ಟ ಸೀರೆ.

"ನನ್ನ ತವರಿನ ಸೀರಿ ಇದು," ಎಂದು ಅತ್ತೆ ಮೂಗು ಒರೆಸಿಕೊಂಡು ನಮ್ಮವ್ವನ ಕಡೆ ತಿರುಗಿದರು. "ನಮ್ಮವ್ವ ಕೊಟ್ಟಿದ್ದು. ಒಳ್ಳೇ ಕೆಲಸಕ್ಕ ಅಷ್ಟ ಉಡ್ತೀನಿ. ಜವಳಿ ದಿನ ಉಟ್ಟಿದ್ದೆ ನೋಡ್ರಿ. ಅಂಗಡ್ಯಾಗ ಅಷ್ಟು ಹೊಸ ಸೀರಿ ಹರವಿದ್ರೂ ಈಕಿ ಅವು ಯಾವೂ ಬ್ಯಾಡ, ಅತ್ತಿ ಉಟ್ಟಿದ್ದ ಬೇಕು ಅಂದಾಳ! ಎಂಥಾ ಸೊಸಿ ಕೊಟ್ರಿ ನನಗ!"

ಆದದ್ದು ಇಷ್ಟು. ಸೋದರಮಾವ ಸೀರೆಗಳ ಫೋಟೋ ತೆಗೆಯುವಾಗ ನಡುವೆ, ಗಾದಿಯ ಮೇಲೆ ಕೂತ ತಮ್ಮ ಅಕ್ಕನದೂ, ಅಂದರೆ ನನ್ನ ಅತ್ತೆಯದೂ, ಒಂದು ಫೋಟೋ ತೆಗೆದಿದ್ದರು. ಹರಪನಹಳ್ಳಿಯ ಇಂಟರ್ನೆಟ್ ಸೆಂಟರಿನವರು ಮಾವನ ಫೋನಿನಲ್ಲಿ ಇದ್ದ ಐದನ್ನೂ ಇದ್ದ ಸಾಲಿನಲ್ಲೇ ಮೇಲಿಗೆ ಹಾಕಿದ್ದರು. ಮೂರನೆಯದು ಎಂದು ಉತ್ತರ ಹೋದಾಗ ಮಾವ ಸೆಂಟರಿಗೆ ಓಡಿ, ಕಳಿಸಿದ ಮೇಲನ್ನು ತೆರೆಸಿ ನೋಡಿದರೆ ಮೂರನೆಯದರಲ್ಲಿ ಅಕ್ಕ ಕೂತಿದ್ದಾಳೆ, ತವರಿನ ಸೀರೆ ಉಟ್ಟುಕೊಂಡು. ಅತ್ತೆ ಅಲ್ಲೇ ಕಣ್ಣೀರು ಹಾಕಿ, ಧಾರೆ ಸೀರೆ ತೆಗೆಯದೆ ಎದ್ದು ಬಂದಿದ್ದರು. ಅಂಗಡಿಯಲ್ಲಿದ್ದ ನಮ್ಮ ಕಡೆಯವರಿಗೂ, ಮನೆಗೆ ಬಂದು ಮಗನಿಗೂ ಬಿಡಿಸಿ ಹೇಳಿರಲಿಲ್ಲ. ಸೊಸೆ ಆರಿಸಿದ್ದಾಳೆ, ಆಯಿತು ಎಂದಷ್ಟೇ ಹೇಳಿದ್ದರು.

ನಾನು ಅವರ ಮಗನ ಮುಖ ನೋಡಿದೆ. ಅವರು ನಮ್ಮ ಮನೆಯ ತೊಲೆಗಳನ್ನು ಎಣಿಸುತ್ತಿದ್ದರು.

"ಆ ಫೋಟೋ ನಾ ನೋಡಿಲ್ಲವ್ವ," ಎಂದು ಅತ್ತೆ ನನ್ನ ಕೈ ಹಿಡಿದರು. "ನಿನ್ನ ಫೋನಿನ್ಯಾಗ ತೋರ್ಸು. ನಾ ಹೆಂಗ ಕಾಣ್ತೀನಿ ನೋಡ್ತೀನಿ."

ಎಲ್ಲರೂ ಹತ್ತಿರ ಸರಿದರು. ಫೋನು ತಂದೆ. ತರದೆ ಏನು ಮಾಡಲಿ. ಬ್ರೌಸರ್ ತೆರೆದೆ, ಹೌದು ಒತ್ತಿದೆ, ಮೇಲ್ ಬಿಚ್ಚಿದೆ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಎಲ್ಲೈತಿ?"

"ಇದ ಅತ್ತಿ. ಮೂರನೇ ಚೌಕ."

"ಇದು ಡಬ್ಬಿ ಐತೆಲ್ಲ."

"ಹೌದು, ಡಬ್ಬಿ ಒಳಗ ಅದೀರಿ."

ಅತ್ತೆ ಫೋನನ್ನು ಓರೆ ಹಿಡಿದು ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಸೋದರತ್ತೆ ಇಸಿದುಕೊಂಡು ಸೆರಗಿನಿಂದ ಪರದೆ ಒರೆಸಿದಳು. "ಬ್ಯಾಡ ಬಿಡು, ನಿಂದು ತೋರ್ಸಲೇ," ಎಂದು ಅತ್ತೆ ಮಗನ ಕಡೆ ಕೈ ಚಾಚಿದರು. "ಚಾರ್ಜ್ ಇಲ್ಲ ಬೇ" ಎಂದರು ಅವರು. ಅದೇ ಹೊತ್ತಿಗೆ ಅವರ ಜೇಬಿನೊಳಗಿನಿಂದ ಫೋನು ರಿಂಗಾಯಿತು. ಯಾರದೋ ಮೋಟರು ಸುಟ್ಟಿತ್ತು. ಅತ್ತೆ ಜೇಬಿಗೆ ಕೈ ಹಾಕಿ ತೆಗೆದು, ಮಗನಿಂದಲೇ ಮೇಲ್ ಬಿಚ್ಚಿಸಿದರು.

ಹೀಗೆ ಆ ಜೋಡಿ ಫೋನುಗಳು ನಮ್ಮ ಪಡಸಾಲೆಯ ಚಾಪೆಯ ಮೇಲೆ ಅಕ್ಕಪಕ್ಕ ಕೂತವು. ಎರಡರಲ್ಲೂ ಐದೈದು ಖಾಲಿ ಚೌಕ.

"ಸೀರಿನೂ ಕಾಣಂಗಿಲ್ಲ, ನಾನೂ ಕಾಣಂಗಿಲ್ಲ," ಎಂದರು ಅತ್ತೆ. "ಮತ್ತ ಬಣ್ಣ ಚಂದ ಐತಿ, ಬಾರ್ಡರ್ ಚಂದ ಐತಿ ಅಂತ ಈತ ನನ್ನ ಮುಂದ ಕುಣದಾಡಿದ್ನಲ್ಲ?"

"ನಾ ಅಂದಿದ್ದು... ಈಕಿ ಅಂದಳಲ್ಲ ಅಂತ ಅಂದೆ."

"ನಾನು ಇವರು ಅಂದ್ರಲ್ಲ ಅಂತ," ಎಂದೆ ನಾನು. ಮತ್ತೆ ತಡೆಯಲಾಗಲಿಲ್ಲ. "ತಪ್ಪಾತು ಅತ್ತಿ. ಫೋನಿನ್ಯಾಗ ಏನೂ ಕಾಣಲಿಲ್ಲ. ಇವರು ಆಸೆಪಟ್ಟು ತಂದುಕೊಟ್ಟಿದ್ದು, ಕಾಣಂಗಿಲ್ಲ ಅಂದ್ರ ನೊಂದ್ಕೋತಾರಂತ ಮೂರು ಅಂದುಬಿಟ್ಟೆ. ನಿಮ್ಮ ಸೀರಿ ನಾ ಕೇಳಿಲ್ಲ."

ಅಪ್ಪ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿದರು. ಮದುವೆ ಮುರಿಯಿತು ಎಂದುಕೊಂಡೆ.

ಅತ್ತೆ ಆ ಬದನೆಕಾಯಿ ಬಣ್ಣದ ಸೀರೆಯನ್ನು ಎರಡೂ ಕೈಯಿಂದ ಎಳೆದು ತೊಡೆಯ ಮೇಲೆ ಇಟ್ಟುಕೊಂಡರು. "ಅಯ್ಯೋ ಶಿವನ! ಇದನ್ನ ಮೊದಲ ಹೇಳಬಾರದೇನ ನಮ್ಮವ್ವ! ನಾ ಎಂಟು ದಿನ ನಿದ್ದಿ ಮಾಡಿಲ್ಲ! ದಿನಾ ಬಿಚ್ಚೋದು, ನೋಡೋದು, ಅಳೋದು, ಮಡಚೋದು!" ಎಂದವರೇ ಪಂಚೆಯಲ್ಲಿ ಗಂಟು ಕಟ್ಟಿ, ಅದರ ಮೇಲೆ ಕೂತೇಬಿಟ್ಟರು. ಮೊದಲು ನಕ್ಕವಳು ನಮ್ಮವ್ವ. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಎಂದು ಹೇಳುವಂತಿರಲಿಲ್ಲ.

ಮುಂದಿನ ಭಾನುವಾರ ನನ್ನನ್ನೇ ಹರಪನಹಳ್ಳಿಗೆ ಕರೆದುಕೊಂಡು ಹೋದರು. ಸೋದರಮಾವ ಒಂದೊಂದೇ ಸೀರೆ ಬಿಚ್ಚಿ ಹರವಿದರು. ಅರವತ್ತು ಸೀರೆಯಾದರೂ ಇದ್ದಾವು. ಎಲ್ಲರೂ ಸುಮ್ಮನೆ ಕೂತು ನನ್ನ ಮುಖ ನೋಡುತ್ತಿದ್ದರು. "ಹೇಳವ್ವ, ನಿನ್ನ ಮನಸಿಗೆ ಯಾವುದು?" ಎಂದರು ಅತ್ತೆ.

ನೀಲಿ ನೋಡಿದರೆ ದೊಡ್ಡಕ್ಕನಿಗೆ ನೀಲಿ ಇಷ್ಟ ಎನಿಸಿತು. ಮರೂನ್ ನೋಡಿದರೆ ಹಡಗಲಿಯ ಅಕ್ಕ ನೆನಪಾದಳು. ತಿಳಿಹಳದಿ ಅವ್ವ ಹೇಳುವ ಬಣ್ಣ. ನನಗೆ ಯಾವುದು ಇಷ್ಟ ಎಂದು ನನಗೇ ಗೊತ್ತಿರಲಿಲ್ಲ, ಯಾರಾದರೂ ಕೇಳಿದ್ದರೆ ತಾನೇ ಗೊತ್ತಿರುವುದು? ಬೆಳಿಗ್ಗೆ ಹತ್ತಕ್ಕೆ ಕೂತವಳು ಮಧ್ಯಾಹ್ನ ಮೂರಾದರೂ ಕೂತೇ ಇದ್ದೆ. ಎರಡು ಸಲ ಚಹಾ ಬಂತು. ಯಾರೂ ಗಡಿಬಿಡಿ ಮಾಡಲಿಲ್ಲ. ನನ್ನವರು ಪಕ್ಕದಲ್ಲಿ ಬಿಚ್ಚಿದ ಸೀರೆಗಳನ್ನು ವಕ್ರವಾಗಿ ಮಡಚುತ್ತಿದ್ದರು, ಅವರ ಮಾವ ಅವನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು.

ಕೊನೆಗೆ ಕಪಾಟಿನ ತುದಿಯಿಂದ ಒಂದನ್ನು ತೋರಿಸಿ ಕೇಳಿದೆ. ಕಿತ್ತಳೆ ಬಣ್ಣ. ಅದಕ್ಕೆ ಗಿಣಿಹಸಿರು ಅಂಚು, ಮೈತುಂಬ ಬಾತುಕೋಳಿಯಂಥ ನವಿಲು. ಮಾವ ಅದರ ಮೇಲಿನ ಧೂಳು ಕೊಡವಿ, "ಇದನ್ನ ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ ನೋಡವ್ವ" ಎಂದರು. ಅವ್ವ ನನ್ನ ತೊಡೆ ಚಿವುಟಿದಳು. ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮದುವೆಯ ಆಲ್ಬಮ್ಮಿನಲ್ಲಿ ನೀವು ನನ್ನನ್ನು ಹುಡುಕಬೇಕಾಗಿಯೇ ಇಲ್ಲ, ಮುಚ್ಚಿದ್ದರೂ ಅಂಚಿನಿಂದ ಕಿತ್ತಳೆ ಇಣುಕುತ್ತದೆ. ಅಕ್ಕಂದಿರು ಈಗಲೂ ಅದನ್ನು ನೋಡಿದಾಗ ನಕ್ಕು ನಕ್ಕು ಗೋಡೆ ಹಿಡಿಯುತ್ತಾರೆ. ಮೊನ್ನೆ ನನ್ನ ಮಗಳು ಹಾಳೆ ತಿರುವುತ್ತಾ, "ಅವ್ವಾ, ಇಷ್ಟು ಕೆಟ್ಟ ಸೀರಿ ನಿನಗ ಯಾರು ಆರಿಸಿ ಕೊಟ್ರು?" ಎಂದು ಕೇಳಿದಳು.

"ಯಾರೂ ಕೊಟ್ಟಿಲ್ಲ," ಎಂದೆ. "ನಾನ ಆರಿಸ್ಕೊಂಡಿದ್ದು."